ಟೇಬಲ್‌ಟಾಪ್ ಗ್ರೈಂಡರ್: ಬೆಲ್ಟ್ ಜಾರುವುದು, ಕಲ್ಲಿನ ಸದ್ದು

"ಉದ್ದಿನಬೇಳೆ ಗಟ್ಟಿಯಾಗ್ತಿದ್ದ ಹಾಗೆ ಡ್ರಮ್ ನಿಲ್ಲುತ್ತೆ, ಮೋಟಾರ್ ಮಾತ್ರ ಓಡುತ್ತೆ. ಕಲ್ಲೂ ಟಕಟಕ ಅನ್ನುತ್ತೆ. ಮೋಟಾರ್ ಹೋಯ್ತಾ?"

ಮೋಟಾರ್ ಅಲ್ಲ, ಬೆಲ್ಟ್ ಜಾರುತ್ತಿರುವ ಹಾಗಿದೆ. ಮೋಟಾರ್ ಹೋಗಿದ್ದರೆ ಅದೇ ಮೊದಲು ನಿಲ್ಲುತ್ತಿತ್ತು, ಅಲ್ವಾ?

ಮೊದಲು ಪ್ಲಗ್ ತೆಗೆಯಿರಿ. ಡ್ರಮ್, ಕಲ್ಲು ಎತ್ತಿಟ್ಟು, ಗ್ರೈಂಡರ್ ಮಗ್ಗುಲಿಗೆ ಮಲಗಿಸಿ, ತಳದ ಮುಚ್ಚಳದ ಸ್ಕ್ರೂ ಬಿಚ್ಚಿ. ಬೆಲ್ಟ್ ಒದ್ದೆಯಾಗಿದ್ದರೆ ಅಥವಾ ಹಿಟ್ಟು ಮೆತ್ತಿದ್ದರೆ ಅದನ್ನೂ ಪುಲ್ಲಿಗಳನ್ನೂ ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಎಣ್ಣೆ ಮಾತ್ರ ಹಾಕಬೇಡಿ, ಇನ್ನೂ ಜಾರುತ್ತದೆ. ಆಮೇಲೆ ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಲ್ಲಿ ಒತ್ತಿ. ಸ್ವಲ್ಪ ಬಗ್ಗಿದರೆ ಸರಿ, ಜೋತು ಬಿದ್ದರೆ ಸಡಿಲ. ಮೋಟಾರ್ ಕೂರಿಸಿದ ಬೋಲ್ಟ್‌ಗಳ ತೂತು ಉದ್ದಕ್ಕಿದ್ದರೆ, ಬೋಲ್ಟ್ ಸಡಿಲಿಸಿ ಮೋಟಾರನ್ನು ಹಿಂದಕ್ಕೆ ಎಳೆದು ಬಿಗಿ ಮಾಡಿ. ತೀರಾ ಬಿಗಿ ಬೇಡ, ಬೇರಿಂಗ್ ಬೇಗ ಹೋಗುತ್ತದೆ. ಬೆಲ್ಟಿನ ಒಳಮೈ ಗಾಜಿನ ಹಾಗೆ ಹೊಳೆಯುತ್ತಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಬದಲಾಯಿಸುವುದೇ ಸರಿ. ಹಳೆಯದನ್ನೇ ಅಂಗಡಿಗೆ ಒಯ್ದು, ಅದರ ಮೇಲಿನ ನಂಬರ್ ತೋರಿಸಿ ತನ್ನಿ.

ಟಕಟಕ ಸದ್ದು ಬಹುಶಃ ಬೇರೆ ಸಮಸ್ಯೆ. ಗುಂಡುಕಲ್ಲುಗಳನ್ನು ನಡುಗಂಬಕ್ಕೆ ಹಾಕಿ, ಖಾಲಿ ಡ್ರಮ್ಮನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ. ಎರಡೂ ಕಲ್ಲು ಪೂರ್ತಿ ತಳಕ್ಕೆ ತಾಗಿ ಉರುಳಬೇಕು. ಒಂದು ಎತ್ತಿಕೊಂಡಿದ್ದರೆ ಕಂಬದ ಬುಡದಲ್ಲೋ ಕಲ್ಲಿನ ಅಚ್ಚಿನಲ್ಲೋ ಒಣಗಿದ ಹಿಟ್ಟು ಕೂತಿರುತ್ತದೆ, ಬಿಸಿನೀರಲ್ಲಿ ನೆನೆಸಿ ಹಳೇ ಬ್ರಶ್‌ನಲ್ಲಿ ಉಜ್ಜಿ. ಕಂಬವೇ ಅಲುಗಾಡುತ್ತಿದ್ದರೆ ರಿಪೇರಿಯವರಿಗೇ ಕೊಡಿ.

ಇನ್ನು ಮುಂದೆ ಬೇಳೆಯನ್ನು ಓಡುತ್ತಿರುವ ಡ್ರಮ್ಮಿಗೆ ಸ್ವಲ್ಪ ಸ್ವಲ್ಪವೇ ಹಾಕಿ, ನೀರೂ ಹಾಗೆಯೇ.