ಸಿಗ್ನಲ್‌ನಲ್ಲಿ ನಿಂತಾಗ ಕಾರಿನ ಎಸಿ ಬಿಸಿಯಾಗುವುದೇಕೆ?

ಕಾರು ಓಡುವಾಗ ಎಸಿ ತಂಪಾಗಿರುತ್ತದೆ, ಸಿಗ್ನಲ್‌ನಲ್ಲಿ ನಿಂತರೆ ಬಿಸಿ ಗಾಳಿ ಬರುತ್ತದೆ. ಗ್ಯಾಸ್ ತುಂಬಿಸಬೇಕೇ?

ಮೊದಲು, ಎಸಿ ಗ್ಯಾಸಿನ ಬಿಸಿಯನ್ನು ಹೊರಹಾಕುವ ಕಂಡೆನ್ಸರಿನ ಫ್ಯಾನನ್ನು ನೋಡಿ. ಓಡುವಾಗ ಎದುರುಗಾಳಿಯೇ ಕಂಡೆನ್ಸರನ್ನು ತಣಿಸುವುದರಿಂದ, ಫ್ಯಾನ್ ಕೆಟ್ಟಿರುವುದು ಗೊತ್ತಾಗುವುದು ನಿಂತಾಗಲೇ. ಎಂಜಿನ್ ಮತ್ತು ಎಸಿ ಚಾಲೂ ಇಟ್ಟು, ಬಾನೆಟ್ ಎತ್ತಿ, ಕೈ ದೂರವಿಟ್ಟು ಗಮನಿಸಿ. ಕಂಪ್ರೆಸರ್ ಪುಲ್ಲಿಯ ಮುಂದಿನ ಕ್ಲಚ್ ತಟ್ಟೆ ‘ಟಕ್’ ಎಂದು ಅಂಟಿಕೊಂಡು ಪುಲ್ಲಿಯೊಡನೆ ತಿರುಗುತ್ತಿದ್ದು, ಫ್ಯಾನ್ ಮಾತ್ರ ನಿಂತೇ ಇದ್ದರೆ ಫ್ಯೂಸ್, ರಿಲೇ ಮತ್ತು ಮೋಟರನ್ನು ಪರೀಕ್ಷಿಸಬೇಕು. ಫ್ಯಾನ್ ಸರಿಯಿದ್ದೂ ಕ್ಲಚ್ ಕೆಲವೇ ಸೆಕೆಂಡಿಗೊಮ್ಮೆ ಅಂಟಿ, ಮತ್ತೆ ಬಿಟ್ಟುಕೊಳ್ಳುತ್ತಿದ್ದರೆ ಗ್ಯಾಸ್ ಕಡಿಮೆಯಾಗಿರುವ ಸಂಭವ ಹೆಚ್ಚು. ತೀರಾ ಇಳಿದಿದ್ದರೆ ಪ್ರೆಷರ್ ಸ್ವಿಚ್ ಕ್ಲಚ್ಚನ್ನು ಅಂಟಲೂ ಬಿಡುವುದಿಲ್ಲ. ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲವಾದ್ದರಿಂದ, ಪೈಪಿನ ಜೋಡಣೆಗಳಲ್ಲಿ ಎಣ್ಣೆಜಿಡ್ಡಿನ ಕಲೆ ಹುಡುಕಿ, ಸೋರಿಕೆ ಮುಚ್ಚಿಸಿದ ಮೇಲೆಯೇ ತುಂಬಿಸಿ.