ಮನೆಯಲ್ಲಿ ಕೆಪೆಸಿಟಬಿನ್ ಮಾತ್ರೆ: ಮರೆತ ಹೊತ್ತು, ಬಸುರಿ ತಂಗಿ ಮತ್ತು ತಡಮಾಡಬಾರದ ತೊಂದರೆಗಳು

ಪ್ರಶ್ನೆ: ಜಮಖಂಡಿ ಹತ್ತಿರದ ಹಳ್ಳಿಯವನು ನಾನು. ತಂದೆಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಪರೇಷನ್ ಆಗಿ, ಈಗ ಕೆಪೆಸಿಟಬಿನ್ 500 ಮಾತ್ರೆ ಬೆಳಿಗ್ಗೆ 3, ರಾತ್ರಿ 3 ಬರೆದುಕೊಟ್ಟಿದ್ದಾರೆ. ನಿನ್ನೆ ರಾತ್ರಿಯ ಮಾತ್ರೆ ಮರೆತುಹೋಯಿತು. ಇವತ್ತು ಸೇರಿಸಿ ಕೊಡಬಹುದೇ? ಹೆರಿಗೆಗೆ ಬಂದ ತಂಗಿ ಮನೆಯಲ್ಲಿದ್ದಾಳೆ, ಅವಳು ಈ ಮಾತ್ರೆ ಮುಟ್ಟಬಹುದೇ? ಯಾವ ತೊಂದರೆಗೆ ಕೂಡಲೇ ಫೋನ್ ಮಾಡಬೇಕು?

ಉತ್ತರ: ಸೇರಿಸಿ ಕೊಡಬೇಡಿ. ನಿನ್ನೆ ರಾತ್ರಿಯ ಮೂರು ಮಾತ್ರೆಗಳನ್ನು ಬಿಟ್ಟುಬಿಡಿ, ಇಂದಿನವನ್ನು ಎಂದಿನ ಹೊತ್ತಿಗೆ ಎಂದಿನಷ್ಟೇ ಕೊಡಿ. ನಿಮ್ಮ ತಂಗಿಯವರು ಈ ಮಾತ್ರೆಗಳನ್ನು ಮುಟ್ಟಬಾರದು. ನಾನು ಬೆಳಗಾವಿಯ ಆಸ್ಪತ್ರೆಯೊಂದರ ಕ್ಯಾನ್ಸರ್ ವಿಭಾಗದಲ್ಲಿ ಔಷಧ ವಿತರಿಸುವ ಕೆಲಸ ಮಾಡುತ್ತೇನೆ, ಆದುದರಿಂದ ಕಾರಣಗಳನ್ನೂ ಸ್ವಲ್ಪ ವಿವರಿಸುತ್ತೇನೆ. ನಿಮ್ಮ ವೈದ್ಯರು ಬೇರೆ ಸೂಚನೆ ಕೊಟ್ಟಿದ್ದರೆ ಅದನ್ನೇ ಪಾಲಿಸಿ.

ಕೆಪೆಸಿಟಬಿನ್ ದೇಹದೊಳಗೆ ಹೋದ ಮೇಲೆ 5-ಫ್ಲೋರೋಯುರಾಸಿಲ್ ಆಗಿ ಬದಲಾಗುತ್ತದೆ. ಸಲೈನ್ ಮೂಲಕ ಕೊಡುವ ಹಳೆಯ ಕಿಮೋ ಔಷಧವೇ ಅದು. ಬಾಯಿಂದ ನುಂಗುತ್ತೇವೆ ಎಂಬ ಕಾರಣಕ್ಕೆ ಇದು ಸೌಮ್ಯವಾದ ಔಷಧವಾಗುವುದಿಲ್ಲ. ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಇದು ಹೊಡೆಯುತ್ತದೆ, ಮತ್ತು ಕರುಳಿನ ಒಳಪದರ, ಬಾಯಿಯ ಚರ್ಮ, ಮೂಳೆಯೊಳಗಿನ ಮಜ್ಜೆ ಇವೆಲ್ಲವೂ ಹಾಗೆಯೇ ಬೆಳೆಯುವವು. ಒಂದು ಹೊತ್ತು ತಪ್ಪಿದರೆ ಚಿಕಿತ್ಸೆಗೆ ಆಗುವ ನಷ್ಟ ಸಣ್ಣದು. ಒಂದೇ ಹೊತ್ತಿಗೆ ಆರು ಮಾತ್ರೆ ಹೋದರೆ ಕರುಳಿಗೂ ಮಜ್ಜೆಗೂ ಬೀಳುವ ಪೆಟ್ಟು ದೊಡ್ಡದು.

ಇಲ್ಲಿ ಇನ್ನೊಂದು ಎಡವಟ್ಟಿಗೆ ದಾರಿ ಇದೆ. ಈ ಮಾತ್ರೆಯನ್ನು ಸಾಮಾನ್ಯವಾಗಿ 14 ದಿನ ಕೊಟ್ಟು 7 ದಿನ ಬಿಡುತ್ತಾರೆ. ನಿಮ್ಮ ತಂದೆಯವರಿಗೂ ಹಾಗೆಯೇ ಬರೆದಿದ್ದರೆ ದಿನಕ್ಕೆ ಆರರಂತೆ ಒಟ್ಟು 84 ಮಾತ್ರೆಗಳು; ಸೋಮವಾರ ಬೆಳಿಗ್ಗೆ ಶುರುವಾದದ್ದು ಎರಡನೆಯ ರವಿವಾರ ರಾತ್ರಿ ಮುಗಿಯಬೇಕು. ಈಗ ಮೂರು ಮಾತ್ರೆ ತಪ್ಪಿರುವುದರಿಂದ ಆ ರವಿವಾರ ಪಟ್ಟಿಯಲ್ಲಿ ಮೂರು ಉಳಿಯುತ್ತವೆ. "ರೊಕ್ಕ ಕೊಟ್ಟು ತಂದದ್ದು, ಯಾಕೆ ಕೆಡಿಸುವುದು" ಎಂದು ಅವನ್ನು ಸೋಮವಾರ ನುಂಗಿಸುವ ಮನೆಗಳನ್ನು ನಾನು ಬಹಳ ನೋಡಿದ್ದೇನೆ. ಆ ಏಳು ದಿನಗಳ ಬಿಡುವು ರಕ್ತಕಣಗಳೂ ಕರುಳಿನ ಪದರವೂ ಚೇತರಿಸಿಕೊಳ್ಳಲಿಕ್ಕೆಂದೇ ಇರುವುದು. ಉಳಿದ ಮಾತ್ರೆಗಳನ್ನು ಪಟ್ಟಿಯಲ್ಲಿಯೇ ಬಿಟ್ಟು ಮುಂದಿನ ಭೇಟಿಗೆ ತನ್ನಿ. ತಿಪ್ಪೆಗೆ ಎಸೆಯಬೇಡಿ, ಬಚ್ಚಲಿಗೆ ಹಾಕಬೇಡಿ. ನುಂಗಿದ ಮೇಲೆ ವಾಂತಿಯಾದರೂ ಇದೇ ನಿಯಮ: ಆ ಹೊತ್ತಿನದನ್ನು ಮತ್ತೆ ಕೊಡಬಾರದು.

ಎರಡು ಹೊತ್ತಿನ ನಡುವೆ ಸುಮಾರು 12 ಗಂಟೆಯ ಅಂತರವಿರಲಿ. ಊಟ ಮುಗಿದು ಅರ್ಧ ಗಂಟೆಯೊಳಗೆ, ನೀರಿನೊಂದಿಗೆ, ಇಡಿಯಾಗಿ ನುಂಗಬೇಕು. ಮಾತ್ರೆ ದೊಡ್ಡದೆಂದು ಮುರಿಯುವುದು, ಕುಟ್ಟಿ ಪುಡಿ ಮಾಡಿ ಮಜ್ಜಿಗೆಯಲ್ಲಿ ಕದಡುವುದು ಬೇಡ. ಮೇಲಿನ ಲೇಪ ಒಡೆದರೆ ಆ ಪುಡಿ ಕೈಗೆ ಹತ್ತುತ್ತದೆ, ಗಾಳಿಯಲ್ಲಿ ಸೇರುತ್ತದೆ. ನಿಮ್ಮ ತಂಗಿಯವರ ವಿಷಯದಲ್ಲಿ ಭಯಪಡಬೇಕಾದದ್ದು ಇದಕ್ಕೇ, ಏಕೆಂದರೆ ಈ ಔಷಧವು ಹೊಟ್ಟೆಯಲ್ಲಿರುವ ಕೂಸಿಗೆ ಹಾನಿ ಮಾಡಬಲ್ಲದು. ತಂದೆಯವರೇ ಪಟ್ಟಿಯನ್ನು ಒತ್ತಿ ಮಾತ್ರೆಯನ್ನು ಸಣ್ಣ ಬಟ್ಟಲಿಗೆ ಬೀಳಿಸಿಕೊಂಡು ನುಂಗಿ, ಕೈ ತೊಳೆದುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಅವರಿಗೆ ಆಗದಿದ್ದರೆ ನೀವು ಕೈಗವಸು ಹಾಕಿಕೊಂಡು ಕೊಡಿ, ಆ ಬಟ್ಟಲನ್ನು ಬೇರೆ ಯಾವುದಕ್ಕೂ ಬಳಸಬೇಡಿ. ತಂಗಿಯವರು ತಂದೆಯ ಜೊತೆ ಕುಳಿತು ಉಣ್ಣಲು, ಮಾತನಾಡಲು ಯಾವ ಅಡ್ಡಿಯೂ ಇಲ್ಲ. ಆದರೆ ಮಾತ್ರೆ ನಡೆಯುವ ದಿನಗಳಲ್ಲಿ, ಕೊನೆಯ ಮಾತ್ರೆಯ ನಂತರ ಮತ್ತೆ 48 ಗಂಟೆಗಳವರೆಗೆ, ವಾಂತಿ, ಮಲ, ಮೂತ್ರ ತಾಗಿದ ಬಟ್ಟೆಗಳನ್ನು ಅವರು ಒಗೆಯಬಾರದು. ಬೇರೆಯವರು ಕೈಗವಸು ಹಾಕಿಕೊಂಡು ಪ್ರತ್ಯೇಕವಾಗಿ ಒಗೆಯಲಿ, ಶೌಚದ ನಂತರ ಧಾರಾಳವಾಗಿ ನೀರು ಸುರಿಯಲಿ.

ಬಸುರಿಯಿರುವ ಮನೆಯಲ್ಲಿ ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಮಾತ್ರೆಗಳು ಇದ್ದೇ ಇರುತ್ತವೆ. ಅಪ್ಪನಿಗೆ ನಿಶ್ಶಕ್ತಿ ಎಂದು ಅವುಗಳನ್ನು ಕೊಡಬೇಡಿ: ಫೋಲಿಕ್ ಆಸಿಡ್ ಕೆಪೆಸಿಟಬಿನ್‌ನ ವಿಷಪರಿಣಾಮವನ್ನು ಹೆಚ್ಚಿಸುತ್ತದೆ. ಅಂಗಡಿಯಲ್ಲಿ ಸಿಗುವ ಶಕ್ತಿಯ ಮಾತ್ರೆಗಳಲ್ಲಿಯೂ ಅದು ಇರುತ್ತದೆ. ಇಬ್ಬರ ಮಾತ್ರೆಗಳನ್ನು ಒಂದೇ ಡಬ್ಬಿಯಲ್ಲಿ ಇಡಬೇಡಿ. ತಂದೆಯವರು ರಕ್ತ ತೆಳುವಾಗಲು ವಾರ್ಫರಿನ್ ಅಥವಾ ಫಿಟ್ಸ್‌ಗೆ ಫೆನಿಟೋಯಿನ್ ತೆಗೆದುಕೊಳ್ಳುತ್ತಿದ್ದರೆ ಇಂದೇ ವೈದ್ಯರಿಗೆ ತಿಳಿಸಿ.

ಇನ್ನು ತೊಂದರೆಗಳ ವಿಷಯ. ನಮ್ಮ ಕಡೆ ಈ ಔಷಧದ ತೊಂದರೆಗಳು ತಡವಾಗಿ ಗೊತ್ತಾಗುವುದಕ್ಕೆ ಒಂದು ಕಾರಣವಿದೆ. ಬಾಯಿ ಹುಣ್ಣು, ಅಂಗೈ ಅಂಗಾಲು ಉರಿ, ಭೇದಿ ಈ ಮೂರನ್ನೂ ಜನರು "ಉಷ್ಣ ಆಗೈತಿ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ, ಅದರಲ್ಲಿಯೂ ಬಾಗಲಕೋಟೆ ಜಿಲ್ಲೆಯ ಬೇಸಿಗೆಯಲ್ಲಿ ಯಾರಿಗೂ ಸಂಶಯ ಬರುವುದಿಲ್ಲ. ಎಳನೀರು ಕುಡಿಸುತ್ತಾರೆ, ಅಂಗಾಲಿಗೆ ಮದರಂಗಿ ಹಚ್ಚುತ್ತಾರೆ, ಮಾತ್ರೆಯನ್ನು ಮಾತ್ರ ಮುಂದುವರಿಸುತ್ತಾರೆ. ಮದರಂಗಿ ಹಚ್ಚಿದರೆ ಚರ್ಮದ ಕೆಂಪು ನಮಗೆ ಕಾಣಿಸುವುದೇ ಇಲ್ಲ. ಅಂಗೈ ಅಂಗಾಲು ಬರೀ ಜುಮುಗುಟ್ಟುತ್ತಿದ್ದರೆ ಮುಲಾಮು ಹಚ್ಚಿ, ಬಿಸಿನೀರು ಮತ್ತು ಬರಿಗಾಲ ನಡಿಗೆ ತಪ್ಪಿಸಿ, ಮುಂದಿನ ಭೇಟಿಯಲ್ಲಿ ಹೇಳಿದರೂ ನಡೆಯುತ್ತದೆ. ಕೆಂಪಾಗಿ, ಬಾತು, ಚಪ್ಪಲಿ ಮೆಟ್ಟಲು ಅಥವಾ ರೊಟ್ಟಿ ಮುರಿಯಲು ನೋವಾಗುವ ಹಂತ ಬಂದರೆ ಮಾತ್ರೆ ನಿಲ್ಲಿಸಿ ಫೋನ್ ಮಾಡಿ. ಇದೇ ತೊಂದರೆಯಿಂದ ಕೆಲವರ ಬೆರಳಗೆರೆಗಳು ಮಾಸಿ, ರೇಷನ್ ಅಂಗಡಿಯ ಯಂತ್ರ ಹೆಬ್ಬೆಟ್ಟನ್ನು ಗುರುತಿಸದೆ ಹೋಗುವುದೂ ಉಂಟು, ಹಾಗಾದರೆ ಗಾಬರಿಯಾಗಬೇಡಿ.

ಭೇದಿಯನ್ನು ಲೆಕ್ಕ ಹಾಕಿಯೇ ಅಳೆಯಬೇಕು. ತಂದೆಯವರು ಮೊದಲು ದಿನಕ್ಕೆ ಎಷ್ಟು ಸಲ ಹೋಗುತ್ತಿದ್ದರು ಎಂಬುದನ್ನು ಈಗಲೇ ಕ್ಯಾಲೆಂಡರಿನಲ್ಲಿ ಬರೆದಿಡಿ. ಒಂದು ಸಲ ಎಂದಿಟ್ಟುಕೊಳ್ಳೋಣ. ಒಂಬತ್ತನೆಯ ದಿನ ಮಧ್ಯಾಹ್ನದೊಳಗೆ ಮೂರು ಸಲ, ಸಂಜೆಯೊಳಗೆ ಮತ್ತೆರಡು ಸಲ ಆಯಿತು ಎಂದರೆ ಎಂದಿಗಿಂತ ನಾಲ್ಕು ಹೆಚ್ಚು. ಆ ರಾತ್ರಿಯ ಮಾತ್ರೆಯನ್ನು ಕೊಡದೆ, ಓಆರ್‌ಎಸ್ ಕುಡಿಸುತ್ತ ಆಸ್ಪತ್ರೆಗೆ ಫೋನ್ ಮಾಡಬೇಕು. ನಿದ್ದೆಯಿಂದ ಎದ್ದು ಹೋಗುವಂತಾದರೆ ಎಣಿಕೆ ಕಡಿಮೆಯಿದ್ದರೂ ಹಾಗೆಯೇ ಮಾಡಬೇಕು. ಹೊಟ್ಟೆಗೆ ಚೀಲ ಹಾಕಿದ್ದರೆ ಅದು ಎಂದಿಗಿಂತ ಎಷ್ಟು ಬೇಗ ತುಂಬುತ್ತಿದೆ ಎಂದು ನೋಡಿ. ಊಟ ಮಾಡಲಾಗದಷ್ಟು ಬಾಯಿ ಹುಣ್ಣು, ಒಂದೇ ದಿನದಲ್ಲಿ ಮತ್ತೆ ಮತ್ತೆ ವಾಂತಿ, ಇವುಗಳಿಗೂ ಇದೇ ಕ್ರಮ. ಕೆಲವರ ದೇಹದಲ್ಲಿ ಈ ಔಷಧವನ್ನು ಕರಗಿಸುವ ಡಿಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆಯಿರುತ್ತದೆ. ಅಂಥವರಿಗೆ ಮೊದಲ ಸುತ್ತಿನಲ್ಲಿಯೇ ಇವೆಲ್ಲ ಒಟ್ಟಾಗಿ, ತೀವ್ರವಾಗಿ ಬರುತ್ತವೆ. ಆದ್ದರಿಂದ ಮೊದಲ ಸುತ್ತಿನಲ್ಲಿ ಕಾದು ನೋಡುವುದು ಬೇಡ.

ಎರಡು ತೊಂದರೆಗಳಿಗೆ ಬೆಳಗಾಗುವವರೆಗೂ ಕಾಯಬಾರದು. ಮೊದಲನೆಯದು ಜ್ವರ: ಥರ್ಮಾಮೀಟರಿನಲ್ಲಿ 100.4 ಫ್ಯಾರನ್‌ಹೀಟ್ ಅಥವಾ ಹೆಚ್ಚು ಬಂದರೆ, ಇಲ್ಲವೆ ಚಳಿ ನಡುಕ ಹತ್ತಿದರೆ, ಬಿಳಿ ರಕ್ತಕಣ ಕುಸಿದಾಗ ತಗಲುವ ಸೋಂಕು ಕೆಲವೇ ಗಂಟೆಗಳಲ್ಲಿ ಕೈಮೀರಬಹುದು. ಪ್ಯಾರಾಸಿಟಮಾಲ್ ಕೊಟ್ಟು ಜ್ವರ ಇಳಿಸಿ ಸುಮ್ಮನಾಗಬೇಡಿ. ಎರಡನೆಯದು ಎದೆನೋವು: ಈ ಔಷಧವು ಹೃದಯದ ರಕ್ತನಾಳಗಳನ್ನು ಬಿಗಿಯಾಗಿಸಬಲ್ಲದು, ಹಿಂದೆ ಹೃದಯದ ತೊಂದರೆ ಇಲ್ಲದವರಿಗೂ ಇದು ಬರಬಹುದು. ಗ್ಯಾಸ್ ಎಂದು ಸೋಡಾ ಕುಡಿಸುತ್ತ ಕೂಡದೆ, ಮಾತ್ರೆ ನಿಲ್ಲಿಸಿ, ಬೆಳಗಾವಿಗೇ ಬರಬೇಕೆಂದು ಹಟ ಹಿಡಿಯದೆ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಮಾತ್ರೆಯ ಪಟ್ಟಿಯನ್ನು ಜೊತೆಗೆ ಒಯ್ದು, "ಇದು ಕಿಮೋ ಮಾತ್ರೆ, ಇವತ್ತಿಗೆ ಇಷ್ಟನೆಯ ದಿನ, ಕೊನೆಯ ಸಲ ಇಷ್ಟು ಗಂಟೆಗೆ ನುಂಗಿದ್ದಾರೆ" ಎಂದು ಅಲ್ಲಿನ ವೈದ್ಯರಿಗೆ ಮೊದಲೇ ಹೇಳಿ.