ಬೈತಖೋಲದ ಧಕ್ಕೆಗೆ ಬಂದ ಮಿಕ್ಸರ್ ಜಾರ್

ಕಾರವಾರದಲ್ಲಿ ಮ್ಯಾಪ್ ನಂಬಿ ಓಡಾಡಬಹುದಾ ಎಂದು ಕೇಳಿದ್ದೀರಿ. ಕಳೆದ ಆಗಸ್ಟಿನಲ್ಲಿ ನನ್ನ ಕಣ್ಣೆದುರೇ ನಡೆದದ್ದನ್ನು ಹೇಳುತ್ತೇನೆ.

ಬೈತಖೋಲ ಮೀನುಗಾರಿಕೆ ಬಂದರಿನ ಹತ್ತಿರ ನಮ್ಮದೊಂದು ಚಹಾ ಅಂಗಡಿ ಇದೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ನಿಷೇಧ. ಆಗಸ್ಟ್ ಬಂದರೆ ಧಕ್ಕೆ, ಅಂದರೆ ಬೋಟು ನಿಲ್ಲುವ ಕಟ್ಟೆ, ಮತ್ತೆ ತುಂಬುತ್ತದೆ. ಅಂಥ ಒಂದು ಮಳೆಯ ಮಧ್ಯಾಹ್ನ ಪಾರ್ಸಲ್ ಹುಡುಗನೊಬ್ಬ ಧಕ್ಕೆಯ ತುದಿಯವರೆಗೂ ಬಂದು ನಿಂತ. ಹಾವೇರಿ ಕಡೆಯವನು, ಕೆಲಸಕ್ಕೆ ಸೇರಿ ನಾಲ್ಕನೇ ದಿನ. ಮೊಬೈಲಿನ ಮ್ಯಾಪಿನಲ್ಲಿ ಪಿನ್ ಇದ್ದದ್ದು ಅವನ ಕಾಲಡಿಯಲ್ಲೇ. ಮುಂದೆ ಬರೀ ನೀರು.

"ಅಣ್ಣಾ, ಇಲ್ಲಿ ಮನೆ ಎಲ್ಲೈತ್ರೀ?" ಎಂದು ಕೇಳಿದ.

ಗಿರಾಕಿಗೆ ಆರು ಸಲ ಫೋನ್ ಮಾಡಿದ್ದನಂತೆ. ಪ್ರತಿ ಸಲವೂ ವ್ಯಾಪ್ತಿ ಪ್ರದೇಶದ ಹೊರಗೆ. ವಾಪಸ್ ಒಯ್ದರೆ ಆ ಪಾರ್ಸಲಿಗೆ ದುಡ್ಡು ಸಿಗುವುದಿಲ್ಲ. ಮುಖ ಬಾಡಿಹೋಗಿತ್ತು.

ನಾನು ಮೊಬೈಲ್ ಬಿಟ್ಟು ಡಬ್ಬದ ಮೇಲಿನ ಚೀಟಿ ಓದಿದೆ. ಅದರಲ್ಲಿ ಬರೆದಿದ್ದು ಸದಾಶಿವಗಡ. ಬೈತಖೋಲ ಊರಿನ ದಕ್ಷಿಣಕ್ಕೆ, ಸದಾಶಿವಗಡ ಉತ್ತರಕ್ಕೆ, ಕಾಳಿ ನದಿಯ ಆಚೆ ದಡದಲ್ಲಿ. ಪಿನ್ ಒಂದು ಕಡೆ, ಬರೆದ ಊರು ಇನ್ನೊಂದು ಕಡೆ ಇದ್ದರೆ ನಮ್ಮಲ್ಲಿ ಮೊದಲು ನಂಬಬೇಕಾದ್ದು ಬರೆದದ್ದನ್ನು. ಬರೆಯುವಾಗ ಮನುಷ್ಯ ಮನೆಯನ್ನು ನೆನೆಸಿಕೊಂಡು ಬರೆಯುತ್ತಾನೆ. ಪಿನ್ ಮಾತ್ರ, ಬಟನ್ ಒತ್ತುವಾಗ ಅವನು ಎಲ್ಲಿ ನಿಂತಿದ್ದನೋ ಅಲ್ಲೇ ಬೀಳುತ್ತದೆ.

ಇಲ್ಲಿ ಆದದ್ದೂ ಅದೇ. ಹೆಸರು ಓದಿದ ಕೂಡಲೇ ಚಹಾ ಕುಡಿಯುತ್ತಿದ್ದ ತಾಂಡೇಲರು, ಅಂದರೆ ಬೋಟಿನ ಮುಖ್ಯಸ್ಥರು, ಗುರುತು ಹಿಡಿದರು. ಆರ್ಡರ್ ಮಾಡಿದವನು ಪಕ್ಕದ ಬೋಟಿನಲ್ಲಿ ಕೆಲಸಕ್ಕಿದ್ದಾನೆ. ಮೀನಿಗೆ ಹೊರಡುವ ಹಿಂದಿನ ಸಂಜೆ ಇದೇ ಧಕ್ಕೆಯಲ್ಲಿ ನಿಂತು ತಾಯಿಗೆ ಮಿಕ್ಸರ್ ಜಾರ್ ಆರ್ಡರ್ ಮಾಡಿದ್ದ. ಈಗ ಬೋಟ್ ಸಮುದ್ರದಲ್ಲಿದೆ. ಅಷ್ಟು ದೂರ ಮೊಬೈಲ್ ಸಿಗುವುದಿಲ್ಲ. ತಾಂಡೇಲರು ಅವನ ವಾಡೆಯ ಹೆಸರನ್ನೂ ಹೇಳಿದರು. ನಮ್ಮಲ್ಲಿ ಊರಿನೊಳಗಿನ ಕೇರಿಗೆ ವಾಡೆ ಅನ್ನುತ್ತೇವೆ. ಮನೆ ನಂಬರ್ ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ, ವಾಡೆ ಹೇಳಿದರೆ ಚಿಕ್ಕ ಮಕ್ಕಳೂ ಮನೆ ತೋರಿಸುತ್ತಾರೆ.

ಪಾರ್ಸಲ್ ಹುಡುಗನಿಗೆ ದಾರಿ ಹೇಳಿದೆ. "ಸಮುದ್ರ ಎಡಗೈಗೆ ಇರಲಿ, ಅಂದ್ರೆ ಉತ್ತರಕ್ಕೆ ಹೋಗ್ತಿದ್ದೀಯ ಅಂತ. ದಂಡೆಯಲ್ಲಿ ಯುದ್ಧನೌಕೆ ಕಾಣುತ್ತೆ, ಆಮೇಲೆ ಕೋಡಿಬಾಗ, ಆಮೇಲೆ ಕಾಳಿ ಸೇತುವೆ. ದಾಟಿದ ಕೂಡಲೇ ಗುಡ್ಡ ಕಾಣುತ್ತಲ್ಲ, ಅದೇ ಸದಾಶಿವಗಡ. ಮಾಜಾಳಿ ಬಂತು ಅಂದ್ರೆ ಮುಂದೆ ಹೋಗ್ಬೇಡ, ಆಚೆ ಗೋವಾ." ಸೇತುವೆ ಮೇಲೆ ನಿಧಾನಕ್ಕೆ ಹೋಗು ಎಂದೂ ಹೇಳಿದೆ. 2024ರ ಆಗಸ್ಟ್ 7ರ ನಸುಕಿನಲ್ಲಿ ಪಕ್ಕದಲ್ಲಿದ್ದ ಹಳೇ ಸೇತುವೆ ಲಾರಿ ಸಮೇತ ಕುಸಿದು ಬಿದ್ದಿತ್ತು. ಅವತ್ತಿನಿಂದ ಆ ದಾರಿ ಹೇಳುವಾಗೆಲ್ಲ ನನ್ನ ಬಾಯಲ್ಲಿ ಈ ಮಾತು ಬಂದೇ ಬರುತ್ತದೆ.

ಅರ್ಧ ಗಂಟೆ ಬಿಟ್ಟು ಅವನದೇ ಫೋನ್ ಬಂತು. "ಅಣ್ಣಾ, ಮಾಗೀರ ಅನ್ನೋ ಊರು ಮ್ಯಾಪಿನ್ಯಾಗ ಸಿಗವಲ್ದು!"

ದಾರಿಯಲ್ಲಿ ಒಬ್ಬ ಅಜ್ಜಿಯನ್ನು ಕೇಳಿದ್ದನಂತೆ. ಅವರು "ವಯರ ವಚ, ಮಾಗೀರ ಉಜವ್ಯಾಕ" ಅಂದಿದ್ದಾರೆ. ಅದು ಕೊಂಕಣಿ. ಮೇಲೆ ಹೋಗು, ಆಮೇಲೆ ಬಲಕ್ಕೆ. 'ಮಾಗೀರ' ಅಂದರೆ 'ಆಮೇಲೆ', ಊರಲ್ಲ. ಇಲ್ಲಿ ಮನೆಯೊಳಗೆ ಕೊಂಕಣಿ, ಶಾಲೆ, ಕಚೇರಿಗೆ ಕನ್ನಡ. ದಾರಿ ಹೇಳುವಾಗ ವಯಸ್ಸಾದವರ ಬಾಯಿಗೆ ಮನೆಯ ಮಾತೇ ಮೊದಲು ಬರುತ್ತದೆ. ಹೊಸಬರಿಗೆ ನಾನು ಹೇಳುವುದಿಷ್ಟೇ: ವಯರ, ಸಕಯಲ, ಉಜವೆ, ದಾವೆ. ಮೇಲೆ, ಕೆಳಗೆ, ಬಲ, ಎಡ. ಈ ನಾಲ್ಕು ಕಲಿತರೆ ಮುಕ್ಕಾಲು ದಾರಿ ಸಿಕ್ಕಂತೆ.

ಮನೆ ಸಿಕ್ಕಿತು. ಆದರೆ ಪಿನ್ ಇದ್ದ ಜಾಗದಿಂದ ಆರೇಳು ಕಿಲೋಮೀಟರ್ ದೂರದಲ್ಲಿ 'ತಲುಪಿಸಿದೆ' ಎಂದು ಒತ್ತಲು ಆ್ಯಪ್ ಬಿಡಲಿಲ್ಲ. ಅವನು ಆಫೀಸಿಗೆ ಫೋನ್ ಮಾಡಿ, ಬಾಗಿಲಿನ ಮುಂದೆ ಪಾರ್ಸಲ್ ಇಟ್ಟು ಫೋಟೋ ಕಳಿಸಿ ಒಪ್ಪಿಗೆ ತಗೊಂಡ. ತಾಯಿ ಅಕ್ಕಿ ಡಬ್ಬದಿಂದ ದುಡ್ಡು ತೆಗೆದು ಎಣಿಸಿ ಕೊಟ್ಟರು. ನೆನೆದು ಬಂದ ಹುಡುಗ ಅಂತ ತಲೆ ಒರೆಸಲು ಟವೆಲ್ ಕೊಟ್ಟರು, ಊಟವನ್ನೂ ಹಾಕಿದರು. ಹೊಸ ಜಾರಿನಲ್ಲಿ ಆಗಲೇ ಕಾಯಿ ರುಬ್ಬಿದ್ದರಂತೆ.

ಹೊರಡುವ ಮೊದಲು ಅವನೊಂದು ಒಳ್ಳೇ ಕೆಲಸ ಮಾಡಿದ. ಅಂಗಳದಲ್ಲಿ, ಮಾಡಿನಿಂದ ಆಚೆ ಬಂದು ನಿಂತು, ಮ್ಯಾಪಿನ ನೀಲಿ ಚುಕ್ಕೆಯ ಸುತ್ತಲಿನ ವೃತ್ತ ಸಣ್ಣದಾಗುವವರೆಗೆ ಕಾದ. ವೃತ್ತ ದೊಡ್ಡದಿದ್ದರೆ ಫೋನಿಗೇ ಜಾಗ ಸರಿಯಾಗಿ ಗೊತ್ತಿಲ್ಲ ಅಂತ ಅರ್ಥ. ಆಮೇಲೆ ಆ ಜಾಗವನ್ನು ಬೋಟಿನಲ್ಲಿದ್ದ ಮಗನ ನಂಬರಿಗೆ ವಾಟ್ಸಾಪ್ ಮಾಡಿ, "ಮನೆ ಪಿನ್ ಇದು, ಇದನ್ನೇ ಸೇವ್ ಮಾಡ್ರಿ" ಎಂದು ಬರೆದ.

ಸಂಜೆ ನನ್ನ ಅಂಗಡಿಗೆ ಬಂದು ತೋರಿಸಿದ. ಆ ಮೆಸೇಜಿಗೆ ಒಂದೇ ಗೀಟು ಬಿದ್ದಿತ್ತು, ಅಂದರೆ ಮಗನ ಫೋನಿಗೆ ಇನ್ನೂ ತಲುಪಿರಲಿಲ್ಲ. ಮರುದಿನವೂ ಒಂದೇ. ಮೂರನೇ ದಿನ ಬೆಳಿಗ್ಗೆ ಚಹಾ ಕುಡಿಯುತ್ತಿದ್ದವನು ಮೊಬೈಲ್ ನೋಡಿ ಎದ್ದು ನಿಂತ. ಎರಡನೇ ಗೀಟು ಬಿದ್ದಿತ್ತು. ನಾವಿಬ್ಬರೂ ಧಕ್ಕೆಯ ಕಡೆ ತಿರುಗಿದೆವು. ಬೋಟ್ ಒಳಗೆ ಬರುತ್ತಿತ್ತು.